‘ಅಬ್ಸರ್ವೇಷನ್’ ಅಂದರೆ ಕೈಬಿಟ್ಟರು ಅಂತಲ್ಲ

ಇದು ಮಂಡ್ಯ ಸೀಮೆಯ ಒಬ್ಬ ತಂದೆಯ ಕತೆ. ಹೆಸರಿಲ್ಲ, ಊರಿಲ್ಲ, ಇಂಥವನಿಗೇ ಆದದ್ದು ಎಂದು ತೋರಿಸುವ ಹಾಗೂ ಇಲ್ಲ. ಕಟ್ಟಿ ಹೇಳುತ್ತಿರುವ ಕತೆ. ಆದರೆ ಹಾವು ಕಚ್ಚಿದ ಮಗುವನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕೂತವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಸಂಜೆ ಏಳರ ಹೊತ್ತು. ಹನ್ನೊಂದು ವರ್ಷದ ಹುಡುಗ ಕಬ್ಬಿನ ಗದ್ದೆಯ ಬದುವಿನ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ. ಹಿಮ್ಮಡಿಯ ಮೇಲೆ ಏನೋ ಚುಚ್ಚಿದ ಹಾಗಾಯಿತು. ಕಬ್ಬಿನ ಸೋಗೆ ಸರಸರ ಅಂದದ್ದು ಕೇಳಿಸಿತೇ ಹೊರತು ಹಾವು ಕಣ್ಣಿಗೆ ಬೀಳಲಿಲ್ಲ. ಪಕ್ಕದ ಹೊಲದವರು ಟವೆಲ್ ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದರು. ನೆರೆಮನೆಯವನ ಬೈಕಿನಲ್ಲಿ ಹುಡುಗನನ್ನು ನಡುವೆ ಕೂರಿಸಿಕೊಂಡು ಹೊರಟ ತಂದೆ ಏಳೂ ನಲವತ್ತಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದ.

ಡ್ಯೂಟಿಯಲ್ಲಿ ಒಬ್ಬರೇ ಡಾಕ್ಟರು. ಹುಡುಗನ ಕಾಲು ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಬಿಪಿ ನೋಡಿದರು, ಕೈಗೆ ಸೂಜಿ ಹಾಕಿಸಿ ಆಮೇಲೆ ನಿಧಾನವಾಗಿ ಟವೆಲ್ ಸಡಿಲಿಸಿದರು. ರಕ್ತ ತೆಗೆಸಿದರು. ಅಷ್ಟರಲ್ಲಿ ಹೊರಗೆ ಅಪಘಾತವಾದವರನ್ನು ಹೊತ್ತ ಆಂಬುಲೆನ್ಸ್ ಬಂದು ನಿಂತಿತು. ಡಾಕ್ಟರು ಹೊರಡುತ್ತಲೇ ಹೇಳಿದರು:

“ಸದ್ಯಕ್ಕೆ ಏನೂ ಕಾಣ್ತಾ ಇಲ್ಲ. ಇಪ್ಪತ್ನಾಲ್ಕು ಗಂಟೆ ಅಂಡರ್ ಅಬ್ಸರ್ವೇಷನ್ ಇಟ್ಕೋತೀವಿ. ಅಲ್ಲೀವರ್ಗೂ ಏನೂ ಹೇಳೋಕಾಗಲ್ಲ.”

ಮೂರು ವಾಕ್ಯ. ಮೊದಲನೆಯದು ತಂದೆಯ ಕಿವಿಗೆ ಬಿತ್ತೋ ಇಲ್ಲವೋ. ಉಳಿದ ಎರಡು ಮಾತ್ರ ಎದೆಗೆ ಬಿದ್ದವು. ಮೂರು ವರ್ಷದ ಹಿಂದೆ ಅವನ ದೊಡ್ಡಪ್ಪನನ್ನು ಎದೆನೋವೆಂದು ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಅಲ್ಲಿನವರೂ ಇದನ್ನೇ ಅಂದಿದ್ದರು. ಮರುದಿನ ಹೆಣ ತಂದಿದ್ದರು. ಟಿವಿಯಲ್ಲಿ ಯಾರಾದರೂ ದೊಡ್ಡವರು ಹಾಸಿಗೆ ಹಿಡಿದರೆ ಕೆಳಗೆ ಓಡುವ ಕೆಂಪು ಪಟ್ಟಿಯಲ್ಲೂ ಇದೇ ಮಾತು ಬರುತ್ತಿತ್ತು. ಹೊರಗೆ ಬಂದವನು ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದ.

“ಭಾವ, ಮಗೀನ ಅಬ್ಜರ್ವೇಸನ್ನಲ್ಲಿ ಮಡಗವ್ರೆ. ಏನೂ ಹೇಳಕ್ಕಾಗಕಿಲ್ಲ ಅಂದ್ಬುಟ್ರು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಅಕ್ಕಪಕ್ಕದೋರ್ಗೆ ಹೇಳ್ಲಾ? ಬಂದ್ಬುಡ್ತೀವಿ ಇರು” ಎಂದು ಭಾವ ಫೋನ್ ಇಟ್ಟ. ಒಂಬತ್ತು ಗಂಟೆಯಷ್ಟರಲ್ಲಿ ಊರಲ್ಲಿ ಸುದ್ದಿ ಬೇರೆಯೇ ರೂಪ ತಾಳಿತ್ತು: ಹುಡುಗ ಉಳಿಯುವುದು ಕಷ್ಟವಂತೆ.

ತಂದೆ ಕಂಡದ್ದು, ನಡೆಯುತ್ತಿದ್ದದ್ದು

ಮುಂದಿನ ಎರಡೂವರೆ ಗಂಟೆ ತಂದೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದ. ಅವನು ನೋಡಿದ್ದೆಲ್ಲ ಅವನ ಭಯವನ್ನೇ ಗಟ್ಟಿ ಮಾಡುತ್ತಿತ್ತು. ಮೊದಲನೆಯದಾಗಿ, ಗ್ಲೂಕೋಸ್ ಬಾಟಲಿ ತೂಗುಹಾಕಿರಲಿಲ್ಲ. ಹಾವಿಗೆ ಕೊಡುವ ಇಂಜೆಕ್ಷನ್ನೂ ಕೊಡಲಿಲ್ಲ. ಕೊಟ್ಟು ಪ್ರಯೋಜನವಿಲ್ಲ ಅನ್ನುವ ಹಂತಕ್ಕೆ ಹೋಗಿದ್ದಾನೆ, ಅದಕ್ಕೇ ಸುಮ್ಮನೆ ಮಲಗಿಸಿದ್ದಾರೆ ಎಂದು ಅವನು ಲೆಕ್ಕ ಹಾಕಿದ.

ಸಿಸ್ಟರ್ ಅರ್ಧರ್ಧ ಗಂಟೆಗೆ ಬಂದು ಮತ್ತೆ ಮತ್ತೆ ರಕ್ತ ತೆಗೆದರು. ಏನೋ ಕೆಟ್ಟದ್ದು ಸಿಕ್ಕಿದೆ, ಹೇಳುತ್ತಿಲ್ಲ ಅನ್ನಿಸಿತು. ಕಾಲಿನ ಮೇಲೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದರು. ಕಾಲು ಕತ್ತರಿಸುವುದಕ್ಕೆ ಗುರುತು ಹಾಕಿಕೊಂಡರು ಅಂದುಕೊಂಡ. “ಮೇಲೆ ನೋಡಪ್ಪ ಮರಿ, ನನ್ನ ಬೆರಳು ನೋಡು, ನೋಡ್ತಾನೇ ಇರು” ಎಂದು ಹುಡುಗನ ರೆಪ್ಪೆ ನೋಡಿದರು. “ಒಂದೇ ಉಸಿರಲ್ಲಿ ಎಷ್ಟರವರ್ಗೂ ಎಣಿಸ್ತೀಯಾ?” ಎಂದು ಕೇಳಿದರು. ಹುಡುಗ ಇಪ್ಪತ್ತೆಂಟರವರೆಗೆ ಎಣಿಸಿ ನಕ್ಕ. ತಂದೆ ನಗಲಿಲ್ಲ. ಪ್ರಾಣ ಇದೆಯೋ ಇಲ್ಲವೋ ನೋಡುತ್ತಿದ್ದಾರೆ ಅನ್ನುವುದಷ್ಟೇ ಅವನಿಗೆ ಅರ್ಥವಾಗಿದ್ದದ್ದು.

ಈಗ ಇದೇ ದೃಶ್ಯವನ್ನು ಸಿಸ್ಟರ್ ನಿಂತ ಕಡೆಯಿಂದ ನೋಡೋಣ.

ಯಾವ ಹಾವು ಕಚ್ಚಿತು ಎಂದು ಗೊತ್ತಿಲ್ಲ. ಕಚ್ಚಿದ್ದು ವಿಷದ ಹಾವೇ ಎಂದೂ ಹೇಳಲಾಗದು. ವಿಷದ ಹಾವೇ ಆದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ಹಲ್ಲು ಊರಿ ವಿಷ ಬಿಡದೆ ಹೋಗುವುದೂ ಉಂಟು. ನಮ್ಮಲ್ಲಿ ಸಾವಿಗೆ ಹೆಚ್ಚು ಕಾರಣವಾಗುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಮೊದಲ ಎರಡರ ವಿಷ ನರಗಳಿಗೆ ಹೋಗುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ರೆಪ್ಪೆ ಮೇಲೆತ್ತಿ ನೋಡಿಸುವುದು, ಒಂದೇ ಉಸಿರಿನಲ್ಲಿ ಎಣಿಸಲು ಹೇಳುವುದು ಇದನ್ನು ಹಿಡಿಯುವುದಕ್ಕೆ. ಎಂಟಕ್ಕೆ ಇಪ್ಪತ್ತೆಂಟರವರೆಗೆ ಎಣಿಸಿದವನು ಒಂಬತ್ತಕ್ಕೆ ಹದಿನೈದಕ್ಕೇ ನಿಂತರೆ, ನೋಡುವವರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದರೂ ಅವನ ಉಸಿರಾಟ ಸೋಲುತ್ತಿದೆ ಎಂದರ್ಥ.

ಮಂಡಲದ ಹಾವುಗಳ ದಾರಿ ಬೇರೆ. ಅವುಗಳ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಇದನ್ನು ಹಿಡಿಯುವ ಪರೀಕ್ಷೆಗೆ ಲ್ಯಾಬ್ ಬೇಡ, ಕರೆಂಟೂ ಬೇಡ. ತೊಳೆದು ಮರುಬಳಕೆ ಮಾಡಿದ್ದಲ್ಲದ, ಒಣಗಿದ ಹೊಸ ಗಾಜಿನ ಟ್ಯೂಬಿಗೆ ಆಗತಾನೇ ತೆಗೆದ 2 ಎಂ.ಎಲ್. ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಡಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಗಟ್ಟಿ ಮೊಸರಿನ ಹಾಗೆ ಕಚ್ಚಿಕೊಂಡು ನಿಂತರೆ ಸದ್ಯಕ್ಕೆ ಸರಿ. ನೀರಾಗಿ ಹರಿದರೆ ಮಂಡಲದ ವಿಷ ಕೆಲಸ ಶುರುಮಾಡಿದೆ ಎಂದು ತಿಳಿಯಬೇಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪು ಹಾಕಿ ತೊಳೆದದ್ದಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸುತ್ತದೆ. ಗಾಜಿನ ಮೈ ತಗುಲಿದರೇನೇ ರಕ್ತ ಸರಿಯಾಗಿ ಹೆಪ್ಪುಗಟ್ಟಲು ತೊಡಗುವುದು.

ಒಂದು ಸಲ ಸರಿ ಬಂತೆಂದರೆ ಮುಗಿಯಲಿಲ್ಲ. ಕಚ್ಚಿದ ಜಾಗದಿಂದ ವಿಷ ಮೆಲ್ಲಗೆ ರಕ್ತಕ್ಕೆ ಇಳಿಯುತ್ತಿರುತ್ತದೆ. ಅದಕ್ಕೇ ಮೊದಲ ಮೂರು ಗಂಟೆ ಅರ್ಧರ್ಧ ಗಂಟೆಗೆ, ಆಮೇಲೆ ಗಂಟೆಗೊಮ್ಮೆ ಇದೇ ಪರೀಕ್ಷೆ ಮಾಡುವುದು ರೂಢಿ. ಕಾಲಿನ ಮೇಲಿನ ಗೆರೆ ಬಾವು ಎಲ್ಲಿಯವರೆಗೆ ಬಂದಿದೆ ಎನ್ನುವುದರ ಗುರುತು. ಅರ್ಧ ಗಂಟೆ ಬಿಟ್ಟು ನೋಡಿದಾಗ ಬಾವು ಗೆರೆ ದಾಟಿದೆಯೋ ಇಲ್ಲವೋ ಎನ್ನುವುದು ಉತ್ತರ. ತಂದೆ ಕೈಬಿಟ್ಟರು ಎಂದುಕೊಂಡ ಆ ಎರಡೂವರೆ ಗಂಟೆಯಲ್ಲಿ ವಾರ್ಡಿನ ಬೇರೆ ಯಾವ ಮಂಚದ ಹತ್ತಿರಕ್ಕೂ ಸಿಸ್ಟರ್ ಅಷ್ಟು ಸಲ ಹೋಗಿರಲಿಲ್ಲ.

ಇಂಜೆಕ್ಷನ್ ಯಾಕೆ ಕೊಡಲಿಲ್ಲ?

ಹಾವು ಕಚ್ಚಿದೆ, ಔಷಧಿ ಇದೆ, ಕೊಟ್ಟುಬಿಡಬಾರದೇ? ಎಲ್ಲ ತಂದೆ ತಾಯಂದಿರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ ಇದು.

ಹಾವಿನ ವಿಷಕ್ಕೆ ಕೊಡುವ ಔಷಧಿ, ಆಸ್ಪತ್ರೆಯವರ ಬಾಯಲ್ಲಿ ಎಎಸ್‌ವಿ, ಕುದುರೆಯ ರಕ್ತದಿಂದ ತಯಾರಾಗುವಂಥದ್ದು. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಡುತ್ತಾ ಬಂದು, ಅದರ ಮೈಯಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸಿ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಸಿಗುವ ಎಎಸ್‌ವಿ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಆಗುತ್ತದೆ. ಹಾಗಾಗಿ ಹಾವನ್ನು ಹುಡುಕಿ ಕೊಂದು ತರಬೇಕಾದ ಅಗತ್ಯವೂ ಇಲ್ಲ. ಆದರೆ ಕುದುರೆಯ ಪ್ರೋಟೀನು ಮನುಷ್ಯನ ಮೈಗೆ ಪರಕೀಯ. ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತದೆ, ನಡುಕ ಬರುತ್ತದೆ, ಒಮ್ಮೊಮ್ಮೆ ಬಿಪಿ ಏಕಾಏಕಿ ಕುಸಿದು ಉಸಿರು ಕಟ್ಟುತ್ತದೆ. ಅದಕ್ಕೇ ಎಎಸ್‌ವಿ ಶುರುಮಾಡುವ ಮುನ್ನ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಸಿದ್ಧವಿಟ್ಟುಕೊಳ್ಳುತ್ತಾರೆ.

ವಿಷವೇ ಒಳಗೆ ಹೋಗಿರದಿದ್ದರೆ ಈ ಅಪಾಯವನ್ನು ಮಗುವಿನ ಮೇಲೆ ಹೇರುವುದು ಸುಮ್ಮನೆ. ಆದ್ದರಿಂದ ನಿಯಮ ಸರಳ: ವಿಷದ ಲಕ್ಷಣ ಕಂಡರೆ ತಡಮಾಡದೆ ಕೊಡು, ಕಾಣದಿದ್ದರೆ ಕೊಡಬೇಡ, ನೋಡುತ್ತಿರು. ಹೀಗೆ ‘ನೋಡುತ್ತಿರು’ ಎನ್ನುವುದೂ ಚಿಕಿತ್ಸೆಯ ಒಂದು ಭಾಗವೇ. ಮಗು ಈಗ ಚೆನ್ನಾಗಿದೆ, ಆದರೆ ಇನ್ನೂ ಚೆನ್ನಾಗಿಯೇ ಇರುತ್ತದೆ ಎಂದು ಖಾತ್ರಿಯಾಗುವವರೆಗೆ ಮನೆಗೆ ಕಳಿಸುವುದಿಲ್ಲ ಎನ್ನುವುದು ಅದರ ಪೂರ್ತಿ ಅರ್ಥ.

ಹಾಗಿದ್ದರೆ ಇಪ್ಪತ್ನಾಲ್ಕು ಗಂಟೆಯೇ ಯಾಕೆ? ಕಟ್ಟುಹಾವು ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚುವುದು ಹೆಚ್ಚು. ಎಷ್ಟೋ ಸಲ ಹಲ್ಲಿನ ಗುರುತು ಕಾಣುವುದಿಲ್ಲ, ಬಾವಿಲ್ಲ, ನೋವೂ ಇಲ್ಲ. ಬೆಳಗಾಗುವಾಗ ಹೊಟ್ಟೆನೋವು ಅನ್ನುತ್ತಾರೆ; ರೆಪ್ಪೆ ಎತ್ತಲಾಗುವುದಿಲ್ಲ. ಕಚ್ಚಿದ್ದಕ್ಕೂ ಲಕ್ಷಣ ಕಾಣುವುದಕ್ಕೂ ನಡುವೆ ಹಲವು ಗಂಟೆಗಳ ಅಂತರ ಬೀಳಬಹುದು. ಎರಡು ಗಂಟೆ ನೋಡಿ “ಏನೂ ಇಲ್ಲ, ಹೋಗಿ” ಎಂದು ಕಳಿಸಿದರೆ, ಉಸಿರು ಸೋಲುವುದು ಆಸ್ಪತ್ರೆಯಲ್ಲಲ್ಲ, ಮನೆಯ ಚಾಪೆಯ ಮೇಲೆ. ಒಂದು ಹಗಲು ಒಂದು ರಾತ್ರಿ ಪೂರ್ತಿ ಕಳೆದು, ಯಾವ ಲಕ್ಷಣವೂ ಕಾಣದೆ, ರಕ್ತವೂ ಸರಿಯಾಗಿ ಹೆಪ್ಪುಗಟ್ಟಿದರೆ ಆಗ ಮನೆಗೆ ಕಳಿಸುತ್ತಾರೆ. “ಅಲ್ಲೀವರ್ಗೂ ಏನೂ ಹೇಳೋಕಾಗಲ್ಲ” ಎಂದು ಡಾಕ್ಟರು ಅಂದದ್ದು ಇಷ್ಟಕ್ಕೇ: ವಿಷ ಇಲ್ಲ ಎಂದು ನಾನು ಈಗಲೇ ಬರೆದುಕೊಡಲಾರೆ.

ಹತ್ತೂವರೆಯ ಟೆಂಪೊ

ಕತೆಗೆ ಮರಳೋಣ. ಹತ್ತೂವರೆಗೆ ಗೂಡ್ಸ್ ಟೆಂಪೊದಲ್ಲಿ ಊರಿನವರು ಬಂದಿಳಿದರು. ತಾಯಿ ಅಳುತ್ತಲೇ ಒಳಗೆ ಬಂದು ಮಗನನ್ನು ತಬ್ಬಿಕೊಂಡಳು. ಬಂದವರಲ್ಲಿ ಹಿರಿಯರೊಬ್ಬರು, ಹುಡುಗನಿಗೆ ತಾತನ ವರಸೆ, ತಂದೆಯನ್ನು ಪಕ್ಕಕ್ಕೆ ಕರೆದರು.

“ಇವ್ರು ಕೈಬುಟ್ಟವ್ರೆ ಕಣ್ಲಾ. ಇಲ್ಲಿ ಮಲಗ್ಸಿ ಏನ್ ಮಾಡೀಯೆ? ಬೆಟ್ಟದ್ ತಪ್ಪಲಲ್ಲಿ ಬೇರು ಕೊಡೋರವ್ರೆ. ಮುಕ್ಕಾಲು ಗಂಟೆ ದಾರಿ. ನಡಿ ಒಯ್ಯಾನ.”

ತಂದೆ ಸಿಸ್ಟರ್ ಹತ್ತಿರ ಹೋಗಿ ಕೈಮುಗಿದ. “ಅಮ್ಮಾ, ಬರ್ದು ಕೊಟ್ಬುಡಿ. ಕರ್ಕಂಡ್ ಹೋಯ್ತೀವಿ.”

ಸಿಸ್ಟರ್ ಇಪ್ಪತ್ತು ವರ್ಷ ಇಂಥ ರಾತ್ರಿಗಳನ್ನು ಕಂಡವರು. ಅವರು ಸಿಡುಕಲಿಲ್ಲ. ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿದ್ದ ಟ್ಯೂಬುಗಳನ್ನು ತೋರಿಸಿದರು. ಪ್ರತಿಯೊಂದಕ್ಕೂ ಅಂಟಿಸಿದ ಪ್ಲಾಸ್ಟರಿನ ಮೇಲೆ ಗಂಟೆ ಬರೆದಿತ್ತು: 7.50, 8.20, 8.50, 9.20, 9.50. ಒಂದೊಂದನ್ನೇ ವಾಲಿಸಿದರು. ಐದೂ ಗಟ್ಟಿ.

“ನೋಡಿ ಯಜಮಾನ್ರೇ, ಇದು ನಿಮ್ಮ ಮಗನ ರಕ್ತ. ಗಟ್ಟಿಯಾಗಿದ್ರೆ ವಿಷ ಏರಿಲ್ಲ ಅಂತ. ನೀರಾದ್ರೆ ಏರಿದೆ ಅಂತ, ಆಗ ತಕ್ಷಣ ಇಂಜೆಕ್ಷನ್ ಹಾಕ್ತೀವಿ. ಇದನ್ನ ನೋಡೋಕೇ ಇಟ್ಕೊಂಡಿರೋದು. ಕೈಬಿಟ್ಟಿದ್ರೆ ಅರ್ಧರ್ಧ ಗಂಟೆಗೆ ಯಾಕೆ ಓಡ್ಬರ್ತಿದ್ದೆ?”

ತಂದೆಗೆ ಮೊದಲ ಸಲ ವಿಷಯ ತಲೆಗೆ ಹೋಯಿತು. ಆಗ ಸಿಸ್ಟರ್ ಹತ್ತೂ ಇಪ್ಪತ್ತಕ್ಕೆ ತೆಗೆದಿಟ್ಟ ಆರನೆಯ ಟ್ಯೂಬನ್ನು ನೋಡಿ ಗಡಿಯಾರ ನೋಡಿದರು. ಇಪ್ಪತ್ತು ನಿಮಿಷ ತುಂಬಿತ್ತು. ವಾಲಿಸಿದರು. ರಕ್ತ ಗಾಜಿನ ಉದ್ದಕ್ಕೂ ಹರಿಯಿತು.

ಅವರು ಡಾಕ್ಟರನ್ನು ಕೂಗಿದರು. ಹುಡುಗನ ಕಾಲಿನ ಬಾವು ಕೊನೆಯ ಗೆರೆಯನ್ನು ಎರಡು ಬೆರಳಷ್ಟು ದಾಟಿತ್ತು. ಕಚ್ಚಿದ ಜಾಗದಿಂದ ರಕ್ತ ಒಸರಲು ಶುರುವಾಗಿತ್ತು. ಹತ್ತೇ ನಿಮಿಷದಲ್ಲಿ 10 ವಯಲ್ ಎಎಸ್‌ವಿ ಸಲೈನಿನಲ್ಲಿ ಕೂಡಿ ಹನಿಯತೊಡಗಿತು. ಮಗು ಸಣ್ಣದಲ್ಲವೇ, ಅಷ್ಟೂ ಯಾಕೆ ಎಂದು ಭಾವ ಕೇಳಿದ. ಹಾವು ಮಗು ದೊಡ್ಡವರು ಎಂದು ನೋಡಿ ವಿಷ ಬಿಡುವುದಿಲ್ಲ, ಆದ್ದರಿಂದ ಔಷಧಿಯೂ ಇಬ್ಬರಿಗೂ ಅಷ್ಟೇ ಎಂದರು ಡಾಕ್ಟರು.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಬಾಟಲಿ ತೂಗುಹಾಕಿದ್ದು ನೋಡಿ ಊರಿನವರೆಲ್ಲ ನಿಟ್ಟುಸಿರು ಬಿಟ್ಟರು. “ಸದ್ಯ, ಔಸ್ದಿ ಶುರು ಮಾಡುದ್ರು” ಎಂದು ತಾತ ಹೊರಗೆ ಹೋಗಿ ಬೀಡಿ ಹಚ್ಚಿದರು. ಹುಡುಗ ಚೆನ್ನಾಗಿದ್ದ ಮೂರು ಗಂಟೆ ಅವರಿಗೆ ಅವನು ಸತ್ತೇಹೋದ ಹಾಗಿತ್ತು. ನಿಜವಾದ ಅಪಾಯ ಶುರುವಾದ ಗಳಿಗೆಯಲ್ಲಿ ಅವರಿಗೆ ಧೈರ್ಯ ಬಂತು. ಬೇರು ಕೊಡುವವರ ದಾರಿ ಹಿಡಿದಿದ್ದರೆ ರಕ್ತ ನೀರಾದ ಹೊತ್ತಿಗೆ ಹುಡುಗ ಟೆಂಪೊದಲ್ಲಿರುತ್ತಿದ್ದ, ಯಾರಿಗೂ ಅದು ಗೊತ್ತಾಗುತ್ತಲೂ ಇರಲಿಲ್ಲ.

ಎಎಸ್‌ವಿ ಕೊಟ್ಟ ಮೇಲೆ ಮುಂದಿನ ಪರೀಕ್ಷೆ ಆರು ಗಂಟೆ ಬಿಟ್ಟು. ವಿಷವನ್ನು ಔಷಧಿ ತಡೆದರೂ, ಖಾಲಿಯಾದ ಹೆಪ್ಪುಗಟ್ಟುವ ಅಂಶಗಳನ್ನು ಲಿವರ್ ಹೊಸದಾಗಿ ತಯಾರಿಸಿಕೊಳ್ಳಲು ಹೆಚ್ಚುಕಡಿಮೆ ಅಷ್ಟು ಸಮಯ ಬೇಕು. ಅದಕ್ಕಿಂತ ಮೊದಲು ನೋಡಿ, ಗಟ್ಟಿಯಾಗಿಲ್ಲವೆಂದು ಇನ್ನಷ್ಟು ಔಷಧಿ ಸುರಿಯುವುದರಲ್ಲಿ ಅರ್ಥವಿಲ್ಲ. ಬೆಳಗಿನ ಜಾವ ಐದರ ಹೊತ್ತಿಗೆ ತೆಗೆದ ರಕ್ತ ಹೆಪ್ಪುಗಟ್ಟಿತು. ಕೊಳಕುಮಂಡಲದ ವಿಷ ಕಿಡ್ನಿಯನ್ನೂ ಕೆಡಿಸಬಲ್ಲದಾದ್ದರಿಂದ ಮುಂದಿನ ಎರಡು ದಿನ ಮೂತ್ರ ಎಷ್ಟು ಹೋಯಿತು, ಬಣ್ಣ ಹೇಗಿದೆ ಎಂದು ಅಳೆದು ಬರೆದುಕೊಂಡರು. ನಾಲ್ಕನೆಯ ದಿನ ಹುಡುಗ ಮನೆಗೆ ಹೋದ. ವಾರದೊಳಗೆ ಜ್ವರ, ಕೀಲುನೋವು, ಮೈ ತುರಿಕೆ ಕಂಡರೆ ಕರೆತರಬೇಕು ಎಂದು ಹೇಳಿ ಕಳಿಸಿದರು. ಎಎಸ್‌ವಿ ತೆಗೆದುಕೊಂಡವರಿಗೆ ತಡವಾಗಿ ಹಾಗಾಗುವುದುಂಟು.

ತಪ್ಪು ಎಲ್ಲಾಯಿತು?

ತಂದೆ ಅವಿದ್ಯಾವಂತ, ಅದಕ್ಕೇ ತಪ್ಪು ತಿಳಿದ ಎಂದು ಹೇಳಿಬಿಡುವುದು ಸುಲಭ. ಆದರೆ ‘ಅಬ್ಸರ್ವೇಷನ್’ ಬದಲು ಅಚ್ಚ ಕನ್ನಡದಲ್ಲಿ “ನಿಗಾದಲ್ಲಿ ಇಟ್ಟಿದ್ದೇವೆ” ಎಂದಿದ್ದರೂ ಅವನ ಎದೆ ಹಾಗೇ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ಐಸಿಯುಗೆ ನಮ್ಮ ಪತ್ರಿಕೆಗಳು, ಆಸ್ಪತ್ರೆಯ ಬೋರ್ಡುಗಳು ಬಳಸುವುದು ‘ತೀವ್ರ ನಿಗಾ ಘಟಕ’ ಎಂದು. ಹುಷಾರಾಗಿರುವವನನ್ನು ನೋಡಿಕೊಳ್ಳುವುದಕ್ಕೂ ವೆಂಟಿಲೇಟರಿನಲ್ಲಿರುವವನನ್ನು ನೋಡಿಕೊಳ್ಳುವುದಕ್ಕೂ ಒಂದೇ ಮಾತು ಬಳಕೆಯಾದರೆ ಕೇಳುವವನು ಕೆಟ್ಟದ್ದನ್ನೇ ಹಿಡಿಯುತ್ತಾನೆ. ಓದಿದವರೂ ಹಾಗೇ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಮಗು ಮಂಚದಿಂದ ಬಿದ್ದು ತಲೆಗೆ ಪೆಟ್ಟಾದಾಗ ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರಿಸಿಕೊಂಡರೆ ಸಾಫ್ಟ್‌ವೇರ್ ಕಂಪನಿಯ ಅಪ್ಪನೂ ಇದೇ ಭಯದಲ್ಲಿ ಕಾರಿಡಾರ್ ಅಳೆಯುತ್ತಾನೆ. ಅಲ್ಲೂ ನಡೆಯುವುದು ಇದೇ: ಎಬ್ಬಿಸಿದರೆ ಏಳುತ್ತದೆಯೇ, ವಾಂತಿ ಮತ್ತೆ ಮತ್ತೆ ಆಗುತ್ತಿದೆಯೇ, ಎರಡೂ ಕಣ್ಣಿನ ಪಾಪೆ ಒಂದೇ ಗಾತ್ರದಲ್ಲಿವೆಯೇ ಎಂದು ಗಂಟೆ ಗಂಟೆಗೆ ನೋಡುವುದು. ಎದೆನೋವೆಂದು ಬಂದವರ ಇಸಿಜಿ ಸರಿಯಿದ್ದರೂ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಇಸಿಜಿ, ರಕ್ತ ಪರೀಕ್ಷೆ ಮಾಡಲು ಇರಿಸಿಕೊಳ್ಳುವುದೂ ಇದೇ ಲೆಕ್ಕ. ಮೊದಲ ಸಲ ಕಾಣದ್ದು ಎರಡನೆಯ ಸಲ ಕಾಣಬಹುದು.

ಡಾಕ್ಟರು ಹೇಳಿದ ಮೂರು ವಾಕ್ಯಗಳಲ್ಲಿ ಸುಳ್ಳೇನೂ ಇರಲಿಲ್ಲ, ಕೊರತೆಯಿತ್ತು. ಏನನ್ನು ನೋಡುತ್ತೇವೆ, ಎಷ್ಟು ಹೊತ್ತಿಗೊಮ್ಮೆ ನೋಡುತ್ತೇವೆ, ಕಂಡರೆ ಏನು ಮಾಡುತ್ತೇವೆ ಎನ್ನುವುದು ಬಿಟ್ಟುಹೋಗಿತ್ತು. ಆಮೇಲೆ ಸಿಸ್ಟರ್ ಹೇಳಿದ್ದು ಅದನ್ನೇ. ಅವರಿಗೆ ತಗಲಿದ್ದು ಒಂದು ನಿಮಿಷ.

ನೀವು ಆ ಸ್ಟೂಲಿನ ಮೇಲೆ ಕೂತಾಗ

ಹಾವಿನ ಕಡಿತ ನಮಗೆ ದೂರದ ಸಂಗತಿಯಲ್ಲ. 2000ರಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ, ಹಾವು ಕಚ್ಚಿ ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಇವರಲ್ಲಿ ಹೆಚ್ಚಿನವರು ಹಳ್ಳಿಗಳವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರಿಯಿರಲಿ ಖಾಸಗಿಯಿರಲಿ, ಆಸ್ಪತ್ರೆಗೆ ಬಂದ ಪ್ರತಿ ಕಡಿತವೂ ಈಗ ಲೆಕ್ಕಕ್ಕೆ ಸಿಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಎಎಸ್‌ವಿಗೆ ಹಣವಿಲ್ಲ.

ಮಗುವನ್ನು ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದೇವೆ ಎಂದು ಯಾರಾದರೂ ಹೇಳಿದರೆ ಹೆದರುವ ಮೊದಲು ಕೇಳಿ: ಈಗ ಮಗು ಹೇಗಿದೆ? ಯಾವುದಕ್ಕೆ ಕಾಯುತ್ತಿದ್ದೀರಿ? ಎಷ್ಟು ಹೊತ್ತಿಗೊಮ್ಮೆ ನೋಡುತ್ತೀರಿ? ಅದು ಕಂಡರೆ ಏನು ಕೊಡುತ್ತೀರಿ, ಇಲ್ಲೇ ಆಗುತ್ತದೆಯೋ ಬೇರೆ ಆಸ್ಪತ್ರೆಗೆ ಹೋಗಬೇಕೋ? ಕೊನೆಯ ಪ್ರಶ್ನೆ ಮುಖ್ಯ. ಉಸಿರು ಸೋತರೆ ಬೇಕಾಗುವ ವೆಂಟಿಲೇಟರ್ ಎಲ್ಲ ತಾಲ್ಲೂಕುಗಳಲ್ಲೂ ಇರುವುದಿಲ್ಲ. ಅಂಥಾಗ ವಿಷದ ಲಕ್ಷಣ ಕಂಡಿದ್ದರೆ ಎಎಸ್‌ವಿ ಶುರುಮಾಡಿಯೇ ಆಂಬುಲೆನ್ಸಿನಲ್ಲಿ ಕಳಿಸುವುದು ಸರಿಯಾದ ಕ್ರಮ. ಇದನ್ನು ಮೊದಲೇ ಕೇಳಿಟ್ಟುಕೊಂಡರೆ ನಡುರಾತ್ರಿಯಲ್ಲಿ ತಬ್ಬಿಬ್ಬಾಗುವುದು ತಪ್ಪುತ್ತದೆ.

ಪಕ್ಕದಲ್ಲಿ ಕೂತವರಿಗೂ ಕೆಲಸವಿದೆ. ವಾರ್ಡಿನಲ್ಲಿ ಮೂವತ್ತು ಮಂಚಕ್ಕೆ ಒಬ್ಬರೇ ಸಿಸ್ಟರ್ ಇರುವ ರಾತ್ರಿಗಳುಂಟು; ಹೇಳಿದ ಹೊತ್ತಿಗೆ ಬರದಿದ್ದರೆ ಎದ್ದು ಹೋಗಿ ಕರೆಯಿರಿ, ಅದರಲ್ಲಿ ಸಂಕೋಚ ಬೇಡ. ರೆಪ್ಪೆ ಭಾರವಾಗಿದೆಯೇ, ಮಾತು ಬದಲಾಗಿದೆಯೇ, ಉಗುಳು ನುಂಗಲು ಕಷ್ಟಪಡುತ್ತಿದೆಯೇ, ವಸಡಿನಲ್ಲಿ ರಕ್ತ ಕಾಣುತ್ತಿದೆಯೇ, ಮೂತ್ರ ಕೆಂಪಾಗಿದೆಯೇ, ಬಾವು ಗೆರೆ ದಾಟಿದೆಯೇ ಎಂದು ನೋಡುತ್ತಿರಿ. ಒಂದಾದರೂ ಕಂಡರೆ ತಕ್ಷಣ ಹೇಳಿ. ಮನೆಯಿಂದ ತಂದ ಸೊಪ್ಪು, ಬೇರು, ಲೇಪ ಯಾವುದನ್ನೂ ಕೊಡಬೇಡಿ, ಹಚ್ಚಬೇಡಿ. ಅವು ಲಕ್ಷಣಗಳನ್ನು ಮರೆಮಾಡುತ್ತವೆ.

ಇನ್ನು ಡಾಕ್ಟರರಿಗೆ ಒಂದು ಮಾತು. ಹೊರಗೆ ಆಂಬುಲೆನ್ಸ್ ಕಾಯುತ್ತಿರುತ್ತದೆ, ನಿಮಗೆ ಬಿಡುವಿರುವುದಿಲ್ಲ, ಗೊತ್ತು. ಆದರೂ “ಮಗು ಈಗ ಹುಷಾರಾಗಿದೆ. ವಿಷ ಏರುತ್ತಾ ನೋಡೋಕೆ ಅರ್ಧ ಗಂಟೆಗೊಂದು ಸಲ ರಕ್ತ ತೆಗೀತೀವಿ. ಏರಿದ್ರೆ ಔಷಧಿ ನಮ್ಮ ಹತ್ರ ಇದೆ. ನಾಳೆ ಸಾಯಂಕಾಲದವರ್ಗೂ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ” ಎಂದು ಹೇಳಿ ಹೋಗಿ. ಇಷ್ಟು ಕೇಳಿಸಿಕೊಂಡ ತಂದೆ ಟೆಂಪೊ ತರಿಸುವುದಿಲ್ಲ.